ಕನ್ನಡಿ ಅಲುಗಲಿಲ್ಲ, ಬಾಗಿಲು ಜೋತುಬಿತ್ತು

ಹಿಡಿಕೆಯ ಕಡೆಯ ಕೆಳಮೂಲೆಗೆ ಎರಡು ಬೆರಳು ಕೊಟ್ಟು ಮೆಲ್ಲಗೆ ಎತ್ತಿದರೆ ‘ಟಕ್’. ಬಿಟ್ಟರೆ ಮತ್ತೆ ‘ಟಕ್’. ಈ ವಾರ ನೋಡಿದ ವಾರ್ಡ್‌ರೋಬ್ ಬಾಗಿಲಿನ ಆ ಸದ್ದು ಇನ್ನೂ ಕಿವಿಯಲ್ಲೇ ಇದೆ. ಬಾಗಿಲಿನ ಹೊರಮೈಗೆ ನಿಲುವುಗನ್ನಡಿ ಅಂಟಿಸಿ ಹೆಚ್ಚು ದಿನ ಆಗಿರಲಿಲ್ಲ. ಮುಚ್ಚುವಾಗ ಕೆಳಗಿನ ಪಟ್ಟಿಗೆ ಉಜ್ಜುತ್ತಿತ್ತು, ಅದನ್ನು ನೋಡುವುದಕ್ಕೆ ಕರೆದಿದ್ದರು.

ಬಾಗಿಲ ಮುಂದೆ ಜಗಳ ಆಗಲೇ ಶುರುವಾಗಿತ್ತು.

“ಗಮ್ ನಿಲ್ಲಲ್ಲ, ಸ್ಕ್ರೂ ಹಾಕಿ ಅಂತ ಮೊದಲೇ ಹೇಳಿದ್ದೆ. ಕೇಳಿದ್ರಾ?” ಅಂತ ಮನೆಯಾಕೆ.

“ಗಮ್ ಎಲ್ಲಮ್ಮಾ ಬಿಟ್ಟಿದೆ? ಕನ್ನಡಿ ನೋಡಿ, ಕೂದಲೆಳೆಯಷ್ಟೂ ಜಾರಿಲ್ಲ” ಅಂತ ಬಡಗಿ.

ಬಡಗಿಯ ಮಾತು ನಿಜವೇ. ಕನ್ನಡಿ ಅಂಟಿಸಿದ ಕೆಲಸ ಚೊಕ್ಕವಾಗಿತ್ತು. ಆದರೆ ತನ್ನ ಗಮ್ ಗೆದ್ದಿತೆಂಬ ಖುಷಿಯಲ್ಲಿ ಆತ ಹಿಂಜ್ ಕಡೆ ತಿರುಗಿಯೂ ನೋಡಿರಲಿಲ್ಲ. ಆಕೆಯೂ ನೋಡಿರಲಿಲ್ಲ. ಗಮ್ಮೋ ಸ್ಕ್ರೂವೋ ಎನ್ನುವುದು ಕನ್ನಡಿಯನ್ನು ಬಾಗಿಲಿಗೆ ಹಿಡಿಸುವ ಪ್ರಶ್ನೆ. ಅಷ್ಟೂ ಭಾರ ಹೊತ್ತ ಬಾಗಿಲನ್ನು ಪೆಟ್ಟಿಗೆಗೆ ಹಿಡಿದಿರುವುದು ಹಿಂಜ್. ಸೋತಿದ್ದೂ ಅದೇ.

ಲೆಕ್ಕ ಹಾಕುವುದು ಸುಲಭ. ಗಾಜು ಒಂದು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ, ಎರಡೂವರೆ ಕಿಲೋ ತೂಗುತ್ತದೆ. ಇಲ್ಲಿನ ಕನ್ನಡಿ 1600 ಮಿ.ಮೀ. ಎತ್ತರ, 400 ಅಗಲ, 5 ದಪ್ಪ. ಅಂದರೆ 0.64 ಚದರ ಮೀಟರ್, ಸರಿಯಾಗಿ 8 ಕಿಲೋ. ಬಾಗಿಲು 18 ಮಿ.ಮೀ. ಪಾರ್ಟಿಕಲ್ ಬೋರ್ಡ್, 2100 ಎತ್ತರ, 500 ಅಗಲ; ಅದೇ ಸುಮಾರು 13 ಕಿಲೋ. ಎರಡೂ ಸೇರಿ 21. ಇದನ್ನೆಲ್ಲ ಹೊತ್ತಿದ್ದು ಮೂರು ಹಿಂಜ್. ಒಳಗೆ ಅಡಗಿ ಕೂರುವ, 35 ಮಿ.ಮೀ. ಬಟ್ಟಲಿನ ಸಾಮಾನ್ಯ ಹಿಂಜ್‌ಗಳು. ಇವನ್ನು ತಯಾರಿಸುವವರು ಕೊಡುವ ಪಟ್ಟಿಗಳ ಪ್ರಕಾರ ಮೂರು ಹಿಂಜ್ ಸಾಕಾಗುವುದು ಸುಮಾರು 1600 ಮಿ.ಮೀ. ಎತ್ತರದ, 12 ಕಿಲೋ ಒಳಗಿನ ಬಾಗಿಲಿಗೆ. 2000 ಮಿ.ಮೀ., 17 ಕಿಲೋವರೆಗೆ ನಾಲ್ಕು. ಅದರಾಚೆ 22 ಕಿಲೋವರೆಗೆ ಐದು. ಎತ್ತರ ಬಿಟ್ಟು ಬರೀ ತೂಕ ನೋಡಿದರೂ ಈ ಬಾಗಿಲಿಗೆ ಕನ್ನಡಿ ಇಲ್ಲದಿದ್ದಾಗಲೇ ಒಂದು ಹಿಂಜ್ ಕಡಿಮೆ ಇತ್ತು. ಕನ್ನಡಿ ಬಂದ ಮೇಲೆ ಎರಡು ಕಡಿಮೆಯಾಯಿತು.

ಭಾರ ಬರೀ ಕೆಳಕ್ಕೆ ಜಗ್ಗುತ್ತದೆ ಎಂದುಕೊಂಡರೆ ಅರ್ಧ ಮಾತ್ರ ಅರ್ಥವಾದಂತೆ. ಬಾಗಿಲು ಒಂದೇ ಅಂಚಿನಿಂದ ತೂಗುತ್ತದೆ, ಅದರ ತೂಕವೆಲ್ಲ ಆ ಅಂಚಿನಿಂದ ಅರ್ಧ ಅಗಲದಷ್ಟು ದೂರದಲ್ಲಿ ಕೂತಿರುತ್ತದೆ. ಹಾಗಾಗಿ ಬಾಗಿಲು ಸದಾ ಹಿಡಿಕೆಯ ಕಡೆಗೆ ವಾಲಲು ನೋಡುತ್ತಿರುತ್ತದೆ. ಮೇಲಿನ ಹಿಂಜನ್ನು ಪಕ್ಕದ ಹಲಗೆಯಿಂದ ಆಚೆಗೆ ಎಳೆಯುತ್ತದೆ, ಕೆಳಗಿನದನ್ನು ಹಲಗೆಯೊಳಕ್ಕೆ ಒತ್ತುತ್ತದೆ. ಇಲ್ಲಿ ಮೇಲಿನ, ಕೆಳಗಿನ ಹಿಂಜ್‌ಗಳ ನಡುವೆ 1900 ಮಿ.ಮೀ. ಇತ್ತು. 21 ಕಿಲೋವನ್ನು 250ರಿಂದ ಗುಣಿಸಿ 1900ರಿಂದ ಭಾಗಿಸಿದರೆ ಮೂರು ಕಿಲೋಗೆ ತುಸು ಕಡಿಮೆ. ಇಷ್ಟೇನಾ ಅನ್ನಿಸುತ್ತದೆ. ಆದರೆ ಬಾಗಿಲು ಮುಚ್ಚಿರುವಾಗ ಈ ಎಳೆತ ಪಕ್ಕದ ಹಲಗೆಯಲ್ಲಿರುವ ಹಿಂಜ್ ಪ್ಲೇಟಿನ ಸ್ಕ್ರೂಗಳನ್ನು ನೇರವಾಗಿ ಹೊರಕ್ಕೆ ಕೀಳುವ ದಿಕ್ಕಿನಲ್ಲೇ ಇರುತ್ತದೆ. ವಾರ್ಡ್‌ರೋಬ್ ಬಾಗಿಲು ದಿನದ ಬಹುಪಾಲು ಮುಚ್ಚಿಯೇ ಇರುವುದಲ್ಲವೇ? ಹೊಟ್ಟು, ಗೋಂದು ಸೇರಿಸಿ ಒತ್ತಿದ ಬೋರ್ಡಿನಲ್ಲಿ ಕೂತ 3.5 ಮಿ.ಮೀ. ಸ್ಕ್ರೂವನ್ನು ರಾತ್ರಿಹಗಲು ಅಷ್ಟಷ್ಟೇ ಎಳೆಯುತ್ತಿದ್ದರೆ ಅದು ಮೆಲ್ಲಗೆ ಪುಡಿ ಉದುರಿಸುತ್ತದೆ.

ಅದಕ್ಕಿಂತ ಕೆಟ್ಟದ್ದು ಬಾಗಿಲು ಪೂರ್ತಿ ತೆರೆದು ತಡೆಗೆ ಬಡಿಯುವ ಗಳಿಗೆ. ಹಿಡಿಕೆ ಇರುವುದು 450 ಮಿ.ಮೀ. ದೂರದಲ್ಲಿ, ಹಿಂಜಿನ ಹಿಡಿತ ಒಂದೆರಡು ಅಂಗುಲದಷ್ಟು. ತೆರೆದ ಬಾಗಿಲನ್ನು ಇನ್ನೊಂದಿಷ್ಟು ನೂಕಿದರೆ ಹಿಂಜಿನ ಮೇಲೆ ಆ ಒತ್ತಡ ಹಲವು ಪಟ್ಟಾಗಿ ಬೀಳುತ್ತದೆ. ಕನ್ನಡಿ ಇರುವ ಬಾಗಿಲನ್ನು ಜನ ಹಾಗೆ ನೂಕುತ್ತಲೇ ಇರುತ್ತಾರೆ, ಬೆಳಕು ಮುಖಕ್ಕೆ ಬೀಳುವ ಕೋನ ಸಿಗುವ ತನಕ. ಎಂಟು ಕಿಲೋ ಹೆಚ್ಚಿದ್ದರಿಂದ ಬಡಿಯುವ ರಭಸವೂ ಹೆಚ್ಚು.

ಸೋತಿದ್ದು ಎಲ್ಲಿ ಅಂತ ತಿಳಿಯಲು ಬಾಗಿಲಿನ ಮೇಲಂಚಿನ ಸಂದಿ ನೋಡಬೇಕು. ಸಂದಿ ಉದ್ದಕ್ಕೂ ಒಂದೇ ಸಮ ಇದ್ದು ಬಾಗಿಲು ಮಾತ್ರ ಕೆಳಗಿಳಿದಿದ್ದರೆ ಪ್ಲೇಟು ತನ್ನ ಉದ್ದನೆಯ ತೂತಿನಲ್ಲಿ ಜಾರಿದೆ. ಬಾಗಿಲನ್ನು ಎತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿದರೆ ಮುಗಿಯಿತು. ಹಿಂಜ್ ಕಡೆ ಕಿರಿದಾಗಿ ಹಿಡಿಕೆಯ ಕಡೆ ಅಗಲವಾಗುತ್ತ ಹೋಗಿದ್ದರೆ ಬಾಗಿಲು ವಾಲಿದೆ, ಮೇಲಿನ ಪ್ಲೇಟು ಹಲಗೆ ಬಿಡುತ್ತಿದೆ. ಇಲ್ಲಿ ಪ್ಲೇಟಿನ ಹಿಂದೆ ಪೋಸ್ಟ್‌ಕಾರ್ಡ್ ತೂರುವಷ್ಟು ಜಾಗವಾಗಿತ್ತು. ‘ಟಕ್’ ಅಂದದ್ದು ಅದೇ. ಬಡಗಿ ಅದುವರೆಗೆ ಮಾಡಿದ್ದು ಹಿಂಜಿನ ಅಡ್ಜಸ್ಟ್‌ಮೆಂಟ್ ಸ್ಕ್ರೂ ತಿರುಗಿಸಿ ಬಾಗಿಲನ್ನು ನೇರ ಕಾಣಿಸುವುದು. ಅದು ಎರಡು ದಿನ ನಿಲ್ಲುತ್ತದೆ, ಅಷ್ಟರಲ್ಲಿ ತೂತು ಇನ್ನಷ್ಟು ದೊಡ್ಡದಾಗಿರುತ್ತದೆ.

ಇನ್ನು ಆ ಹಳೇ ಪ್ರಶ್ನೆ. ಗಮ್ ಹಿಡಿಯುವುದು ಗಾಜನ್ನಲ್ಲ, ಕನ್ನಡಿಯ ಬೆನ್ನಿನ ಬಣ್ಣವನ್ನು. ಆಚೆ ಬದಿಯಲ್ಲಿ ಹಿಡಿಯುವುದು ಮರವನ್ನಲ್ಲ, ಬಾಗಿಲಿನ ಮೇಲ್ಪದರವನ್ನು. ಲ್ಯಾಮಿನೇಟ್ ಗಟ್ಟಿಯಾಗಿ ಕೂತಿದ್ದರೆ ಚಿಂತೆಯಿಲ್ಲ. ತೆಳು ಪಿವಿಸಿ ಹಾಳೆಯೋ, ಸಿಪ್ಪೆ ಏಳುವ ಬಣ್ಣವೋ ಇದ್ದರೆ ಎಷ್ಟು ಒಳ್ಳೆಯ ಗಮ್ ಹಾಕಿದರೂ ಕನ್ನಡಿ ಆ ಪದರವನ್ನೇ ಸುಲಿದುಕೊಂಡು ಬರುತ್ತದೆ. ಹಾಗಾಗಿ ತೂಕ ಹೊರುವ ಕೆಲಸವನ್ನು ಗಮ್ಮಿಗೆ ಬಿಡದೆ ಕೆಳಗೆ ಎರಡು ಕ್ಲಿಪ್ಪೋ ಒಂದು ಅಲ್ಯೂಮಿನಿಯಂ ಪಟ್ಟಿಯೋ ಕೊಡುವುದು ವಾಸಿ. ಕನ್ನಡಿ ಅದರ ಮೇಲೆ ಕೂರಲಿ. ಮುಂದಕ್ಕೆ ಬಾಗದಂತೆ ಗಮ್ ಹಿಡಿದಿರಲಿ. ಆಕೆ ಹೇಳಿದ ಸ್ಕ್ರೂಗೆ ಇಷ್ಟರ ಮಟ್ಟಿಗೆ ಜಾಗವುಂಟು. ಗಾಜಿಗೇ ತೂತು ಕೊರೆದು ಸ್ಕ್ರೂ ಬಿಗಿಯುವುದು ಬೇರೆ ಮಾತು. ಪ್ಲಾಸ್ಟಿಕ್ ತೋಳು, ರಬ್ಬರ್ ವಾಷರ್ ಇಲ್ಲದೆ ಬಿಗಿದರೆ, ಅಥವಾ ವಾಷರ್ ಇದ್ದೂ ಅರ್ಧ ಸುತ್ತು ಜಾಸ್ತಿ ತಿರುಗಿಸಿದರೆ, ಬಿರುಕು ಆ ತೂತಿನಿಂದಲೇ ಹೊರಡುತ್ತದೆ. ಬಾಗಿಲು ಬಡಿದಾಗಿನ ಏಟೆಲ್ಲ ಬಂದು ಸೇರುವುದೂ ಅಲ್ಲಿಗೇ.

ಗಮ್ ಅಂದರೆ ನ್ಯೂಟ್ರಲ್ ಸಿಲಿಕಾನ್. ಹಚ್ಚುವಾಗ ವಿನೆಗರ್ ವಾಸನೆ ಬಂದರೆ ಅದು ಬೇರೆ ಜಾತಿಯದು. ಅದರ ಆಮ್ಲ ಬೆನ್ನಿನ ಬೆಳ್ಳಿಯ ಲೇಪವನ್ನು ತಿಂದು, ಕೆಲವು ತಿಂಗಳಲ್ಲಿ ಕನ್ನಡಿಯ ಮುಖದಲ್ಲಿ ಕಪ್ಪು ಕಲೆ ತೋರಿಸುತ್ತದೆ. ಬಾಗಿಲನ್ನು ಕಳಚಿ ಮಲಗಿಸಿ, ಮೇಲ್ಮೈಯನ್ನು ಸ್ಪಿರಿಟ್‌ನಿಂದ ಒರೆಸಿ, ಸಿಲಿಕಾನನ್ನು ಮೇಲಿನಿಂದ ಕೆಳಕ್ಕೆ ಉದ್ದುದ್ದ ಗೆರೆಗಳಾಗಿ, ಗೆರೆಯಿಂದ ಗೆರೆಗೆ ನಾಲ್ಕೈದು ಬೆರಳು ಬಿಟ್ಟು ಎಳೆಯಬೇಕು. ಸುತ್ತಲೂ ಚೌಕಟ್ಟಿನಂತೆ ಹಚ್ಚುವುದು ತಪ್ಪು. ಸಿಲಿಕಾನ್ ಗಟ್ಟಿಯಾಗುವುದು ಗಾಳಿಯ ತೇವದಿಂದ, ಚೌಕಟ್ಟು ಕಟ್ಟಿದರೆ ಒಳಗಿನದು ವಾರವಾದರೂ ಹಸಿಯಾಗೇ ಉಳಿಯುತ್ತದೆ. ಗೆರೆಗಳ ನಡುವೆ 3 ಮಿ.ಮೀ. ದಪ್ಪದ ಎರಡು ಬದಿಯ ಫೋಮ್ ಟೇಪ್ ಅಲ್ಲಲ್ಲಿ ಇರಲಿ. ಒಣಗುವ ತನಕ ಕನ್ನಡಿಯನ್ನು ಹಿಡಿಯುವುದೂ ಅದೇ, ಸಿಲಿಕಾನ್ ಪೂರ್ತಿ ಚಪ್ಪಟೆಯಾಗದಂತೆ ಕಾಯುವುದೂ ಅದೇ. ಆ ದಪ್ಪ ಬೇಕೇ ಬೇಕು. ಮಳೆಗಾಲ, ಬೇಸಿಗೆಗೆ ಬೋರ್ಡು ಹಿಗ್ಗಿ ಕುಗ್ಗುತ್ತದೆ, ಗಾಜು ಅದಕ್ಕೆ ಜೊತೆಯಾಗುವುದಿಲ್ಲ. ನಡುವಿನ ರಬ್ಬರಿನಂಥ ಪದರವೇ ಆ ವ್ಯತ್ಯಾಸ ನುಂಗಬೇಕು. ಎರಡು ದಿನ ಬಾಗಿಲು ಮಲಗಿಯೇ ಇರಲಿ.

ಬಡಗಿ ಇದನ್ನೆಲ್ಲ ಹೆಚ್ಚುಕಡಿಮೆ ಹೀಗೇ ಮಾಡಿದ್ದ. ಬಾಗಿಲು ಎರಡು ದಿನ ಕೆಳಗೆ ಮಲಗಿತ್ತಂತೆ. ಇನ್ನೆರಡು ಹಿಂಜ್ ಕೂರಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಈಗ ಅದೇ ಕೆಲಸಕ್ಕೆ ಇಬ್ಬರು ಸೇರಿ ಬಾಗಿಲು ಇಳಿಸಬೇಕು, ಕನ್ನಡಿಯ ಪೂರ್ತಿ ಅಗಲಕ್ಕೆ ದಪ್ಪ ಕಂಬಳಿ ಹಾಸಿ ಮಗುಚಬೇಕು, ಕೆಳಗೆ ಗಾಜಿದೆ ಅಂತ ನೆನಪಿಟ್ಟುಕೊಂಡು ಬಟ್ಟಲಿನ ಗುಳಿ ಕೊರೆಯಬೇಕು. ಗುಳಿ 12 ಮಿ.ಮೀ. ಆಳ ಹೋದರೆ 18ರ ಬೋರ್ಡಿನಲ್ಲಿ ಉಳಿಯುವುದು 6. ಬಟ್ಟಲಿನ ಸ್ಕ್ರೂ 16ಕ್ಕಿಂತ ಉದ್ದವಾದರೆ ಅದರ ಮೊನೆ ಬೋರ್ಡು ತೂರಿ ಕನ್ನಡಿಯ ಬೆನ್ನಿನತ್ತ ಹೊರಬರುವ ಅಪಾಯ.

ಹೊಸ ಹಿಂಜ್‌ಗಳಲ್ಲಿ ಒಂದನ್ನು ಮೇಲಿನದರ ಹತ್ತಿರವೇ, ಒಂದು ಗೇಣು ಕೆಳಗೆ ಹಾಕಿಸಿದ್ದಾಯಿತು. ಐದನ್ನೂ ಸಮ ಅಂತರದಲ್ಲಿ ಹಂಚಿದರೆ ನೋಡಲು ಚೆಂದ, ಆದರೆ ಕೀಳುವ ಎಳೆತ ಇರುವುದು ಮೇಲುಗಡೆ. ಎಲ್ಲ ಬಟ್ಟಲುಗಳೂ ಒಂದೇ ನೇರದಲ್ಲಿರಬೇಕು. ಒಂದು ಮಿಲಿಮೀಟರ್ ಆಚೀಚೆ ಆದರೂ ಹಿಂಜ್‌ಗಳು ಒಂದರ ಜೊತೆ ಒಂದು ಎಳೆದಾಡಿ ಬಾಗಿಲು ಬಿಗಿಯುತ್ತದೆ.

ಪಕ್ಕದ ಹಲಗೆಯ ಸವೆದ ತೂತಿಗೆ ಆತ ಬೆಂಕಿಕಡ್ಡಿ ತುರುಕಲು ಹೊರಟಿದ್ದ. ಹಗುರ ಬಾಗಿಲಿಗಾದರೆ ಅದೂ ನಡೆಯುತ್ತದೆ. 21 ಕಿಲೋಗೆ ನಡೆಯುವುದಿಲ್ಲ. ತೂತನ್ನು 8 ಮಿ.ಮೀ.ಗೆ ದೊಡ್ಡದು ಮಾಡಿ, ಗಟ್ಟಿಮರದ ಗೂಟಕ್ಕೆ ಮರದ ಗಮ್ ಹಚ್ಚಿ ಬಡಿದು, ರಾತ್ರಿ ಒಣಗಲು ಬಿಟ್ಟು, ಬೆಳಗ್ಗೆ ಸಮಕ್ಕೆ ಕತ್ತರಿಸಿ, 2.5ರ ಬಿಟ್‌ನಲ್ಲಿ ಕೊರೆದು ಹೊಸ ಸ್ಕ್ರೂ ಕೂರಿಸಬೇಕಾಯಿತು. ಕೈಯಲ್ಲೇ ತಿರುಗಿಸಿದ್ದು. ಡ್ರಿಲ್ ಹಿಡಿದರೆ ಕೊನೆಯ ಸುತ್ತಿನಲ್ಲಿ ಎಳೆ ಕಿತ್ತುಹೋಗಿದ್ದು ಗೊತ್ತೇ ಆಗುವುದಿಲ್ಲ.

ಬಾಗಿಲು ಮತ್ತೆ ಏರಿದ ಮೇಲೆ ಆಕೆ ತಾವೇ ಬಂದು ಕೆಳಮೂಲೆಗೆ ಎರಡು ಬೆರಳು ಕೊಟ್ಟು ಎತ್ತಿ ನೋಡಿದರು. ಸದ್ದಿಲ್ಲ. “ಹಾಗಾದ್ರೆ ಗಮ್ಮೇ ಸರಿ ಅಂತೀರಾ?” ಅಂದರು. ಬಡಗಿ ನಕ್ಕ. ಕೆಳಗೆ ಎರಡು ಕ್ಲಿಪ್ ಆಗಲೇ ಕೂರಿಸಿ ಆಗಿತ್ತು.