ಬೆಟ್ಟ ಬೆಟ್ಟ ಬೆಟ್ಟ ಹತ್ತಿ ಬಂದೆ

ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ ಬಾರ್ಲಿ ಅನ್ನುವ ಪುಟ್ಟ ಹಳ್ಳಿ ಇದೆ. ಅದರ ಬೆನ್ನಿಗೇ ಪೆಂಡಲ್ ಹಿಲ್, ಎತ್ತರ 557 ಮೀಟರ್. 1612ರಲ್ಲಿ ಮಾಟಗಾತಿಯರೆಂದು ಇಲ್ಲಿನ ಹೆಂಗಸರನ್ನು ಗಲ್ಲಿಗೇರಿಸಿದ ಕತೆ ಕೇಳಿ ಬರುವವರೇ ಹೆಚ್ಚು. ನನ್ನನ್ನು ಎಳೆದು ತಂದದ್ದು ಬೆಟ್ಟದ ಹೆಸರು.

ಹಳ್ಳಿ ದಾಟಿ ಹುಲ್ಲುಗಾವಲಿನ ಗೇಟುಗಳನ್ನು ತೆಗೆದು ಮುಚ್ಚುತ್ತಾ ಹೋದರೆ ಕಡಿದಾದ ಕಲ್ಲಿನ ಮೆಟ್ಟಿಲು ಶುರುವಾಗುತ್ತದೆ. ಮೊದಲ ಸಲ ಉಸಿರು ಸುಧಾರಿಸಿಕೊಳ್ಳಲು ಕೂತಾಗ ಹೆಸರನ್ನು ಬಿಡಿಸಿ ನೋಡಿದೆ. ಇಂಗ್ಲಿಷು ಬರುವುದಕ್ಕೆ ಮುಂಚೆ ಈ ಸೀಮೆಯವರು ಆಡುತ್ತಿದ್ದದ್ದು ಕಂಬ್ರಿಕ್, ವೆಲ್ಷ್ ಭಾಷೆಯ ದಾಯಾದಿ. ಅದರಲ್ಲಿ 'ಪೆನ್' ಅಂದರೆ ತಲೆ, ಹಾಗೆಯೇ ಬೆಟ್ಟ. ನಾವು ಬೆಟ್ಟದ ನೆತ್ತಿ ಅನ್ನುವುದಿಲ್ಲವೇ, ಹಾಗೆ. ಆಮೇಲೆ ಬಂದ ಇಂಗ್ಲಿಷಿನವರಿಗೆ ಅದು ಬರೀ ಹೆಸರಾಗಿ ಕೇಳಿಸಿತು. ತಮ್ಮ 'ಹಿಲ್' ಸೇರಿಸಿದರು. 13ನೇ ಶತಮಾನದ ಬರಹಗಳಲ್ಲಿ ಅದು 'ಪೆನ್ನುಲ್', 'ಪೆನ್‌ಹುಲ್' ಎಂದಿದೆ. ಹಾಗಾದರೆ ನಡುವೆ 'ಡ' ಎಲ್ಲಿಂದ ಬಂತು? 'ನ್' ಆದಮೇಲೆ 'ಲ್' ಅನ್ನಿ: ನಾಲಗೆ ಹೊರಳುವಾಗ ತಾನೇ ಒಂದು 'ಡ್' ಜಾರಿಬರುತ್ತದೆ. ಹಳೆಯ 'ಸ್ಪಿನೆಲ್' ಇಂಗ್ಲಿಷಿನಲ್ಲಿ 'ಸ್ಪಿಂಡಲ್' ಆದದ್ದೂ ಹೀಗೆಯೇ. ಈ 'ಡ' ಬಂದು ಕೂತಮೇಲೆ ಒಳಗಿದ್ದ 'ಹಿಲ್' ಯಾರ ಕಿವಿಗೂ ಬೀಳದಾಯಿತು. ಆಗ ಮತ್ತೊಂದು 'ಹಿಲ್' ಹತ್ತಿತು. ಬೆಟ್ಟಬೆಟ್ಟ ಬೆಟ್ಟ!

ಎರಡು ಮಾತು ಮರೆತು ಮೂರನೆಯದನ್ನು ಅಂಟಿಸಿದ ಈ ಜನರ ಮೇಲೆ ನನಗೆ ಅಕ್ಕರೆ ಹುಟ್ಟಿತು. ಹಳಬರ ಹೆಸರನ್ನು ಅವರು ಅಳಿಸಲಿಲ್ಲ, ಅರ್ಥ ತಿಳಿಯದಿದ್ದರೂ ಇಟ್ಟುಕೊಂಡರು.

ಈ ಬಗೆಯ ಹೆಸರುಗಳ ಮಾತು ಬಂದಾಗ ಎಲ್ಲರೂ ಎತ್ತುವುದು ಕಂಬ್ರಿಯಾದ 'ಟೋರ್ಪೆನ್‌ಹೌ ಹಿಲ್' ಅನ್ನು. ನಾಲ್ಕು ಸಲ ಬೆಟ್ಟ ಅಂತ. ಕೇಳಲು ಸೊಗಸು. ಆದರೆ ಟೋರ್ಪೆನ್‌ಹೌ ಒಂದು ಊರು, ಅಲ್ಲಿಯವರ ಬಾಯಲ್ಲಿ 'ಟ್ರೆಪೆನ್ನ'. ಆ ಹೆಸರಿನ ಬೆಟ್ಟವೇ ಇಲ್ಲವೆಂದು ಹುಡುಕಿದವರು ತೋರಿಸಿದ್ದಾರೆ. ಅದಕ್ಕೇ ತುಂಡು ತುಂಡು ಜೋಡಿಸಿ ಅರ್ಥ ಹೇಳಿದರೆ ಸಾಲದು, ಹಳೆಯ ಕಾಗದದಲ್ಲಿ ಹೆಸರು ಹೇಗೆ ಬರೆದಿತ್ತು ಅಂತ ನೋಡಬೇಕು. ಪೆಂಡಲ್‌ಗೆ ಆ ಸಾಕ್ಷಿ ಇದೆ.

ಮೇಲೆ ಹತ್ತಿದರೆ ಶಿಖರ ಚೂಪಾಗಿಲ್ಲ, ಹಸಿ ಕಪ್ಪು ಮಣ್ಣಿನ ಅಗಲವಾದ ಬಯಲು, ನಡುವೆ ಸರ್ವೆಯವರ ಬಿಳಿ ಕಂಬ. ಮೋಡ ಸರಿದಾಗ ಉತ್ತರಕ್ಕೆ ಯಾರ್ಕ್‌ಷೈರಿನ ಗುಡ್ಡಗಳು ಕಂಡವು. ಅವುಗಳಲ್ಲಿ ಒಂದರ ಹೆಸರು ಪೆನ್-ಇ-ಗೆಂಟ್. ಅದೇ 'ಪೆನ್', ಅಲ್ಲಿ ಇನ್ನೂ ಬಿಡಿಯಾಗಿ, ಸ್ಪಷ್ಟವಾಗಿ ನಿಂತಿದೆ. ಕಂಬಕ್ಕೆ ಒರಗಿಕೊಂಡು ಅದನ್ನೇ ನೋಡುತ್ತಾ ತುಂಬಾ ಹೊತ್ತು ನಿಂತೆ.