ಇಪ್ಪತ್ತೆರಡು ಸುತ್ತಿಗೆ ಎಷ್ಟು ರೂಪಾಯಿ?

ನಮ್ಮ ಶಾಲೆಯ ಮೊದಲ ವಾಕಥಾನ್ ಮುಗಿದು ಮೂರನೆಯ ದಿನ ಕಚೇರಿಗೆ ಒಂದು ಫೋನ್ ಬಂತು. ಆ ಕಡೆ ಏಳನೆಯ ತರಗತಿಯ ಹುಡುಗಿಯೊಬ್ಬಳ ಅಜ್ಜ ಇದ್ದರು. ಪಿಂಚಣಿಯಲ್ಲಿ ಬದುಕುವವರು. ಮೊಮ್ಮಗಳು ನಡೆಯುವ ಪ್ರತಿ ಕಿಲೋಮೀಟರಿಗೆ ನೂರು ರೂಪಾಯಿ ಕೊಡುವುದಾಗಿ ಬರೆದುಕೊಟ್ಟಿದ್ದರು. "ಏನಮ್ಮಾ, ಇಪ್ಪತ್ತೆರಡು ಅಂತ ಚೀಟಿ ಬಂದಿದೆ. ಎರಡು ಸಾವಿರದ ಇನ್ನೂರು ಈ ತಿಂಗಳು ಹೊಂದಿಸುವುದು ಕಷ್ಟ. ಎರಡು ಕಂತಿನಲ್ಲಿ ಕೊಡಬಹುದೇ?" ಎಂದು ಸಂಕೋಚದಿಂದ ಕೇಳಿದರು.

ಅವರು ಕೊಡಬೇಕಾಗಿದ್ದದ್ದು 550 ರೂಪಾಯಿ ಮಾತ್ರ. ನಮ್ಮ ಮೈದಾನದ ಒಂದು ಸುತ್ತು 250 ಮೀಟರ್. ನಾಲ್ಕು ಸುತ್ತಿಗೆ ಒಂದು ಕಿಲೋಮೀಟರ್, 22 ಸುತ್ತಿಗೆ ಐದೂವರೆ. ಭರವಸೆಯನ್ನು ಕಿಲೋಮೀಟರಿನಲ್ಲಿ ಪಡೆದು, ಫಲಿತಾಂಶವನ್ನು ಸುತ್ತಿನಲ್ಲಿ ಕಳುಹಿಸಿದ್ದೆ. ನಡುವೆ ಇರಬೇಕಾಗಿದ್ದ ಒಂದು ಸಾಲು ನನ್ನ ಪತ್ರದಲ್ಲಿ ಇರಲಿಲ್ಲ. ಆ ಅಜ್ಜ ಕೇಳಿದ್ದರಿಂದ ನನಗೆ ತಿಳಿಯಿತು. ಕೇಳದೆ ಸುಮ್ಮನಾದವರು ಎಷ್ಟು ಮಂದಿಯೋ ಎಂಬ ಯೋಚನೆ ಅಂದು ರಾತ್ರಿ ನಿದ್ದೆ ಕೆಡಿಸಿತು.

ಮರುವರ್ಷ ಪತ್ರವನ್ನು ಮೊದಲಿನಿಂದ ಬರೆದೆ. ಅದಕ್ಕೂ ಮುಂಚೆ ಪಿ.ಟಿ. ಮೇಷ್ಟ್ರೊಂದಿಗೆ ಮೂವತ್ತು ಮೀಟರಿನ ಟೇಪ್ ಹಿಡಿದು ಮೈದಾನವನ್ನು ಮತ್ತೆ ಅಳೆದೆ. ಅಳೆಯಬೇಕಾದದ್ದು ಬೇಲಿಯನ್ನಲ್ಲ, ಮಕ್ಕಳು ಕಾಲಿಡುವ ದಾರಿಯನ್ನು. ಸುಣ್ಣದ ಗೆರೆಯಿಂದ ಒಂದು ಮೀಟರ್ ಹೊರಗೆ ನಡೆದರೂ ಒಂದು ಸುತ್ತಿಗೆ ಸುಮಾರು ಆರು ಮೀಟರ್ ಹೆಚ್ಚಾಗುತ್ತದೆ. ಮೂಲೆಗಳನ್ನು ಕತ್ತರಿಸಿ ನಡೆದರೆ ಅಷ್ಟೇ ಸುಲಭವಾಗಿ ಕಡಿಮೆಯಾಗುತ್ತದೆ. ಆದ್ದರಿಂದ ನಾಲ್ಕೂ ಮೂಲೆಯಲ್ಲಿ ಕುರ್ಚಿ ಇಟ್ಟು, ಅದರ ಹೊರಗಿನಿಂದಲೇ ಹೋಗಬೇಕೆಂದು ಹೇಳಿದೆವು.

ಹೊಸ ಪತ್ರದ ಮುಖ್ಯ ಭಾಗ ಹೀಗಿತ್ತು:

"ನೀವು ಒಂದು ಮಗುವಿನ ಹೆಸರಿನಲ್ಲಿ, ಅದು ನಡೆಯುವ ಪ್ರತಿ ಕಿಲೋಮೀಟರಿಗೆ ಇಷ್ಟು ಎಂದು ಹಣ ಬರೆಯುತ್ತೀರಿ. ನಮ್ಮ ಮೈದಾನದ ನಾಲ್ಕು ಸುತ್ತು ಒಂದು ಕಿಲೋಮೀಟರ್. ಪೂರ್ತಿಯಾದ ಸುತ್ತುಗಳನ್ನು ಮಾತ್ರ ಎಣಿಸುತ್ತೇವೆ. ಒಂದು ಗಂಟೆಯಲ್ಲಿ ಒಂದರಿಂದ ನಾಲ್ಕನೆಯ ತರಗತಿಯ ಮಗು ಸುಮಾರು 12 ಸುತ್ತು, ಅಂದರೆ 3 ಕಿಲೋಮೀಟರ್ ನಡೆಯಬಹುದು. ಐದರಿಂದ ಏಳನೆಯ ತರಗತಿಯ ಮಗು 20 ಸುತ್ತು, ಅಂದರೆ 5 ಕಿಲೋಮೀಟರ್. ಉದಾಹರಣೆಗೆ, ಮೂರನೆಯ ತರಗತಿಯ ಮಗುವಿಗೆ ಕಿಲೋಮೀಟರಿಗೆ 40 ರೂಪಾಯಿ ಬರೆದರೆ ಸುಮಾರು 120 ರೂಪಾಯಿ ಆಗುತ್ತದೆ. ಇದಕ್ಕಿಂತ ಹೆಚ್ಚು ಕೊಡಲಾರೆ ಎಂಬ ಮೊತ್ತವಿದ್ದರೆ ಕೆಳಗಿನ ಗೆರೆಯ ಮೇಲೆ ಬರೆಯಿರಿ. ಮಗು ಎಷ್ಟೇ ನಡೆದರೂ ಅದನ್ನು ಮೀರಿ ಕೇಳುವುದಿಲ್ಲ."

ಆ ಕೊನೆಯ ಎರಡು ಸಾಲುಗಳಿಗಾಗಿ ಆಡಳಿತ ಮಂಡಳಿಯ ಮುಂದೆ ವಾದ ಮಾಡಬೇಕಾಯಿತು. ಮಿತಿ ಹಾಕಿದರೆ ಹಣ ಕಡಿಮೆಯಾಗುತ್ತದೆ ಎಂದರು. ಮಿತಿ ಇದೆ ಎಂಬ ಧೈರ್ಯವಿದ್ದರೆ ಜನ ಕಿಲೋಮೀಟರಿನ ದರವನ್ನು ಅಂಜದೆ ಬರೆಯುತ್ತಾರೆ ಎಂಬುದು ನನ್ನ ನಂಬಿಕೆ. ಈಗಲೂ ಹಾಗೆಯೇ ನಂಬುತ್ತೇನೆ.

12 ಮತ್ತು 20 ಎಂಬ ಅಂಕಿಗಳು ಊಹೆಯಲ್ಲ. ಹಿಂದಿನ ವರ್ಷದ ಎಣಿಕೆ ಕಾರ್ಡುಗಳಿಂದ ತೆಗೆದವು. ಮೊದಲ ವರ್ಷ ನಾನು ದೊಡ್ಡವರ ನಡಿಗೆಯನ್ನು ಲೆಕ್ಕಕ್ಕೆ ಹಿಡಿದು, ಗಂಟೆಗೆ 5 ಕಿಲೋಮೀಟರ್ ಎಂದು ಎಲ್ಲ ಮಕ್ಕಳಿಗೂ ಹಾಕಿದ್ದೆ. ಎಲ್ಲರ ಭರವಸೆ ಸೇರಿ ಕಿಲೋಮೀಟರಿಗೆ 3,400 ರೂಪಾಯಿ ಇತ್ತು. ಐದರಿಂದ ಗುಣಿಸಿ 17,000 ಬರುತ್ತದೆ ಎಂದು ಪ್ರಾಯೋಜಕರಿಗೆ ಬರೆದೆ. ನೀರು ಕುಡಿಯಲು ನಿಲ್ಲುವ, ಲೇಸ್ ಕಟ್ಟಿಕೊಳ್ಳುವ, ಗೆಳತಿಗಾಗಿ ಕಾಯುವ ಒಂದನೆಯ ತರಗತಿಯ ಮಗುವಿನ ನೆನಪೇ ನನಗೆ ಬರಲಿಲ್ಲ.

ಸರಾಸರಿ ಹಿಡಿದರೂ ತಪ್ಪು ಪೂರ್ತಿ ಹೋಗುತ್ತಿರಲಿಲ್ಲ. ನಾಲ್ಕನೆಯ ತರಗತಿಯವರೆಗಿನ ಚಿಕ್ಕ ಮಕ್ಕಳು 60, ಐದರಿಂದ ಏಳರ ದೊಡ್ಡ ಮಕ್ಕಳು 40. ಎಲ್ಲರೂ ಸೇರಿ ನಡೆಯುವುದು 380 ಕಿಲೋಮೀಟರ್, ತಲೆಗೆ 3.8. ಅದನ್ನು 3,400ರಿಂದ ಗುಣಿಸಿದರೆ 12,920. ಆದರೆ ಅಜ್ಜ ಅಜ್ಜಿಯರು ಪುಟ್ಟ ಮಕ್ಕಳಿಗೇ ಹೆಚ್ಚು ದರ ಬರೆಯುತ್ತಾರೆ. 3,400ರಲ್ಲಿ ಚಿಕ್ಕವರದ್ದು 2,400, ದೊಡ್ಡವರದ್ದು 1,000. ಹೆಚ್ಚು ಹಣವಿರುವುದು ಕಡಿಮೆ ನಡೆಯುವ ಮಕ್ಕಳ ಮೇಲೆ. ಬೇರೆ ಬೇರೆಯಾಗಿ ಗುಣಿಸಿದರೆ 7,200 ಮತ್ತು 5,000, ಒಟ್ಟು 12,200. ಆದ್ದರಿಂದ ಈಗ ಎರಡು ಗುಂಪಿನ ಲೆಕ್ಕವನ್ನು ಪ್ರತ್ಯೇಕವಾಗಿಯೇ ಮಾಡುತ್ತೇನೆ. ಬಿಸಿಲು ಹೆಚ್ಚಾಗಿ ಪ್ರತಿ ಮಗುವೂ ಎರಡು ಸುತ್ತು ಕಡಿಮೆ ನಡೆದರೆ 10,500ಕ್ಕೆ ಇಳಿಯುತ್ತದೆ. ಪತ್ರದಲ್ಲಿ ಒಂದೇ ಮೊತ್ತದ ಬದಲು "10,500ರಿಂದ 12,200ರವರೆಗೆ" ಎಂಬಂತೆ ಬರೆಯುತ್ತೇನೆ. ಮಿತಿ ಬರೆದವರಿದ್ದರೆ ಅವರ ಪಾಲನ್ನು ಮಿತಿಗೆ ನಿಲ್ಲಿಸಿದ ಮೇಲೆಯೇ ಕೂಡುತ್ತೇನೆ.

ಫಲಿತಾಂಶದ ಚೀಟಿಯಲ್ಲಿ ಈಗ ಸುತ್ತು, ಕಿಲೋಮೀಟರ್, ದರ, ಕೊಡಬೇಕಾದ ಹಣ ನಾಲ್ಕೂ ಒಂದೇ ಸಾಲಿನಲ್ಲಿರುತ್ತವೆ. ಆ ಅಜ್ಜನ ಮೊಮ್ಮಗಳು ಹೈಸ್ಕೂಲಿಗೆ ಹೋದಳು. ಅವರು ಮಾತ್ರ ಪಕ್ಕದ ಮನೆಯ ಒಂದನೆಯ ತರಗತಿಯ ಹುಡುಗನ ಹೆಸರಿನಲ್ಲಿ ಕಿಲೋಮೀಟರಿಗೆ ನೂರು ಎಂದು ಬರೆದು, ಮಿತಿಯ ಗೆರೆಯ ಮೇಲೆ ನಾಲ್ಕು ನೂರು ಎಂದು ತುಂಬಿ ಕಳುಹಿಸಿದ್ದರು.