ಡಿಸ್ಕಸ್, ಇವ್ಯಾಲ್ಯುಯೇಟ್, ಕಂಪೇರ್: ಮೂರಕ್ಕೂ ಒಂದೇ ಉತ್ತರ ಬರೆಯುವವರಿಗೆ

"ಸರ್, ಅಸೈನ್‌ಮೆಂಟ್ ಪ್ರಶ್ನೆಯಲ್ಲಿ ಡಿಸ್ಕಸ್ ಅಂದ್ರೂ ಇವ್ಯಾಲ್ಯುಯೇಟ್ ಅಂದ್ರೂ ಕಂಪೇರ್ ಅಂದ್ರೂ ಬರೆಯೋ ವಿಷಯ ಅದೇ ತಾನೇ? ಎಷ್ಟು ಪುಟ ಬೇಕು ಅಷ್ಟು ಹೇಳಿಬಿಡಿ."

ವಿಷಯ ಅದೇ ಇರಬಹುದು, ಮಾಡಬೇಕಾದ ಕೆಲಸ ಅದಲ್ಲ. ಇಷ್ಟನ್ನೇ ಬಾಯಲ್ಲಿ ಹೇಳಿದರೆ "ಹಾಗಾದ್ರೆ ಇಂಟ್ರೊಡಕ್ಷನ್, ಅಡ್ವಾಂಟೇಜು, ಡಿಸ್ಅಡ್ವಾಂಟೇಜು, ಕನ್‌ಕ್ಲೂಷನ್ ಹಾಕಿದ್ರೆ ಆಯ್ತಲ್ಲ?" ಎಂಬ ಮರುಪ್ರಶ್ನೆ ಖಾತರಿ. ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂದು ಒಂದೇ ವಿಷಯ ಇಟ್ಟುಕೊಂಡು ತೋರಿಸುತ್ತೇನೆ. ಅರ್ಥಶಾಸ್ತ್ರ, ಸಮಾಜಕಾರ್ಯ, ಪಬ್ಲಿಕ್ ಪಾಲಿಸಿ ಓದುವವರಿಗೆಲ್ಲ ಗೊತ್ತಿರುವ ವಿಷಯವೇ ಇರಲಿ: ಅನ್ನಭಾಗ್ಯ.

2023ರ ಜುಲೈನಲ್ಲಿ ರಾಜ್ಯ ಸರ್ಕಾರ ಹೆಚ್ಚುವರಿ 5 ಕೆ.ಜಿ. ಅಕ್ಕಿ ಕೊಡಬೇಕಿತ್ತು. ಅಷ್ಟು ಅಕ್ಕಿ ಸಿಗಲಿಲ್ಲ. ಅದರ ಬದಲು ಕೆ.ಜಿ.ಗೆ 34 ರೂಪಾಯಿ ಲೆಕ್ಕದಲ್ಲಿ ತಲಾ 170 ರೂಪಾಯಿಯನ್ನು ಕುಟುಂಬದ ಮುಖ್ಯಸ್ಥರ ಖಾತೆಗೆ ಹಾಕಿತು. 2025ರ ಫೆಬ್ರವರಿಯಲ್ಲಿ ಹಣ ಬಿಟ್ಟು ಮತ್ತೆ ಅಕ್ಕಿಗೇ ಬಂತು. ಈ ಇಷ್ಟರ ಮೇಲೆ ಮೂರು ಅಸೈನ್‌ಮೆಂಟ್ ಕೊಡಬಹುದು. ಮೂರಕ್ಕೂ ಒಂದೇ ಉತ್ತರ ಅಂಟಿಸಿದರೆ ಎರಡರಲ್ಲಿ ಅಂಕ ಹೋದ ಹಾಗೆಯೇ.

ಮೊದಲು ಕಂಪೇರ್. "ಅಕ್ಕಿ ಕೊಡುವ ಪದ್ಧತಿಯನ್ನೂ ಹಣ ಕೊಡುವ ಪದ್ಧತಿಯನ್ನೂ ಹೋಲಿಸಿ." ಬರುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ಅಕ್ಕಿಯ ಬಗ್ಗೆ ಎರಡು ಪುಟ, ಹಣದ ಬಗ್ಗೆ ಎರಡು ಪುಟ, ಕೊನೆಗೆ "ಹೀಗೆ ಇವೆರಡರ ನಡುವೆ ಹಲವು ವ್ಯತ್ಯಾಸಗಳಿವೆ." ಹೋಲಿಸುವ ಕೆಲಸವನ್ನು ಓದುವವರ ತಲೆಗೆ ಕಟ್ಟಿ ಕೈತೊಳೆದುಕೊಂಡಂತಾಯಿತು. ಹೋಲಿಕೆಗೆ ಮೊದಲು ಬೇಕಾದದ್ದು ಆಧಾರ: ಯಾವ ಯಾವ ವಿಷಯದಲ್ಲಿ ಹೋಲಿಸುತ್ತೇನೆ ಎಂಬುದು. ಮೂರು ಸಾಕು. ಬೆಲೆ ಏರಿದಾಗ ಏನಾಗುತ್ತದೆ, ಕೈಗೆ ಸಿಗಲು ಏನೇನು ಬೇಕು, ಸರ್ಕಾರಕ್ಕೆ ಎಷ್ಟು ಬೀಳುತ್ತದೆ. ಪ್ರತಿ ಆಧಾರಕ್ಕೆ ಒಂದು ಪ್ಯಾರಾ, ಪ್ರತಿ ಪ್ಯಾರಾದಲ್ಲೂ ಎರಡೂ ಪದ್ಧತಿ.

ಬೆಲೆಯ ಪ್ಯಾರಾ ಹೀಗೆ ಬರುತ್ತದೆ: ಅಂಗಡಿಯಲ್ಲಿ ಅಕ್ಕಿ ಕೆ.ಜಿ.ಗೆ 50 ರೂಪಾಯಿ ಎಂದಿಟ್ಟುಕೊಂಡರೆ 170 ರೂಪಾಯಿಗೆ ಸಿಗುವುದು 3.4 ಕೆ.ಜಿ.; ನ್ಯಾಯಬೆಲೆ ಅಂಗಡಿಯಲ್ಲಿ ಸಿಗುವ 5 ಕೆ.ಜಿ. ಮಾತ್ರ ಬೆಲೆ ಏರಿದರೂ 5 ಕೆ.ಜಿ.ಯೇ. ಅಂದರೆ ಬೆಲೆ ಏರಿದಾಗ ಹೊರೆ ಹಣದ ಪದ್ಧತಿಯಲ್ಲಿ ಕುಟುಂಬದ ಮೇಲೆ, ಅಕ್ಕಿಯ ಪದ್ಧತಿಯಲ್ಲಿ ಸರ್ಕಾರದ ಮೇಲೆ. ಈ ಕೊನೆಯ ವಾಕ್ಯ ಇದೆಯಲ್ಲ, ಅದೇ ಹೋಲಿಕೆ. ಅದಿಲ್ಲದಿದ್ದರೆ ಮೇಲಿನದೆಲ್ಲ ಬರೀ ಮಾಹಿತಿ.

ಹೋಲಿಕೆ ಎಂದರೆ ವ್ಯತ್ಯಾಸ ಮಾತ್ರವೂ ಅಲ್ಲ. ಎರಡೂ ಪದ್ಧತಿಗಳು ಪಡಿತರ ಚೀಟಿಯನ್ನೇ ನೆಚ್ಚಿಕೊಂಡಿವೆ. ಚೀಟಿ ಇಲ್ಲದ ಬಡವರು ಎರಡರಲ್ಲೂ ಹೊರಗೆ. ಈ ಸಾಮ್ಯವನ್ನು ಬರೆಯುವವರು ಅಪರೂಪ. ಇನ್ನೊಂದು ತೊಡಕಿದೆ, ಒಂದೇ ಪದಕ್ಕೆ ಎಲ್ಲ ಕಡೆ ಒಂದೇ ನಿರೀಕ್ಷೆ ಇರುವುದಿಲ್ಲ. ಕೇಂಬ್ರಿಡ್ಜ್ ಇಂಟರ್‌ನ್ಯಾಷನಲ್ ಪಠ್ಯಕ್ರಮಗಳಲ್ಲಿ ಕಂಪೇರ್ ಎಂದರೆ ಸಾಮ್ಯ, ವ್ಯತ್ಯಾಸ ಯಾವುದಾದರೂ ಸರಿ, ಎರಡಾದರೂ ಸರಿ. ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಪಠ್ಯಕ್ರಮದಲ್ಲಿ, ಕಂಪೇರ್ ಎಂದರೆ ಸಾಮ್ಯ ಮಾತ್ರ. ವ್ಯತ್ಯಾಸವೂ ಬೇಕಿದ್ದರೆ ಕಂಪೇರ್ ಅಂಡ್ ಕಾಂಟ್ರಾಸ್ಟ್ ಎಂದೇ ಕೇಳುತ್ತಾರೆ. ಆದ್ದರಿಂದ ಗೂಗಲ್‌ನಲ್ಲಿ ಸಿಕ್ಕ ಪಟ್ಟಿಗಿಂತ ಮೊದಲು ನಿಮ್ಮ ಕೋರ್ಸಿನ ಹ್ಯಾಂಡ್‌ಬುಕ್ ತೆಗೆಯಿರಿ. ವಿಟಿಯು ಮಕ್ಕಳಿಗಂತೂ ಪ್ರಶ್ನೆಪತ್ರಿಕೆಯಲ್ಲಿ ಅಂಕದ ಪಕ್ಕದಲ್ಲೇ L2, L4 ಎಂದು ಅಚ್ಚು ಹಾಕಿರುತ್ತಾರೆ. ಅದು ಅಲಂಕಾರಕ್ಕಲ್ಲ. L2 ಎಂದರೆ ಅರ್ಥವಾಗಿದೆ ಎಂದು ತೋರಿಸಿ, L4 ಎಂದರೆ ಬಿಡಿಸಿ ನೋಡಿ, L5 ಎಂದರೆ ತೀರ್ಪು ಕೊಡಿ.

ಇವ್ಯಾಲ್ಯುಯೇಟ್‌ಗೆ ಬಂದರೆ, ಅಲ್ಲಿ ಬೇಕಿರುವುದು ಆ ತೀರ್ಪೇ. ಅನುಕೂಲ ಐದು, ಅನನುಕೂಲ ಐದು, "ಆದ್ದರಿಂದ ಯೋಜನೆಯಲ್ಲಿ ಒಳಿತೂ ಇದೆ ಕೆಡುಕೂ ಇದೆ" ಎಂದು ಬರೆದು ಕೊಟ್ಟು, "ಬ್ಯಾಲೆನ್ಸ್ಡ್ ಆಗಿ ಬರೆದಿದೀನಿ, ಯಾಕೆ ಮಾರ್ಕ್ಸ್ ಕಮ್ಮಿ?" ಎಂದು ಕೇಳುತ್ತಾರೆ. ಒಳಿತು ಕೆಡುಕು ಎರಡೂ ಇಲ್ಲದ ಯೋಜನೆ ಯಾವುದಿದೆ ಸ್ವಾಮಿ?

ಎಷ್ಟು ಪುಟ ಎಂದು ಕೇಳುವ ಬದಲು "ಯಾವ ಅಳತೆಗೋಲು ಇಟ್ಟುಕೊಳ್ಳಲಿ?" ಎಂದು ಯಾರಾದರೂ ಕೇಳಬಾರದೇ ಅನ್ನಿಸುವುದು ಇಲ್ಲೇ. ಯಾಕೆಂದರೆ ಅಳತೆಗೋಲು ಬದಲಾದರೆ ತೀರ್ಪೇ ಬದಲಾಗುತ್ತದೆ. 170 ರೂಪಾಯಿಯನ್ನೇ ನೋಡಿ. "ಅಕ್ಕಿ ಸಿಗದ ತಿಂಗಳಲ್ಲಿ ಜನರಿಗೆ ಏನಾದರೂ ತಲುಪಿತೇ?" ಎಂಬುದು ಅಳತೆಗೋಲಾದರೆ ಹಣದ ಪದ್ಧತಿ ಪಾಸು. "5 ಕೆ.ಜಿ. ಅಕ್ಕಿಗೆ ಸಮನಾದದ್ದು ತಲುಪಿತೇ?" ಎಂದು ಕೇಳಿದರೆ, ಮೇಲಿನ 3.4ರ ಲೆಕ್ಕ ಎದುರಿಗೆ ನಿಲ್ಲುತ್ತದೆ. "ಸರ್ಕಾರಕ್ಕೆ ಅಗ್ಗವೇ?" ಎಂದರೆ ಕಾಲ ನೋಡಬೇಕು: 2025ರ ಜನವರಿಯಲ್ಲಿ ಕೇಂದ್ರವು ರಾಜ್ಯಗಳಿಗೆ ಮಾರುವ ಅಕ್ಕಿಯ ದರವನ್ನು ಕ್ವಿಂಟಲಿಗೆ 2,250 ರೂಪಾಯಿಗೆ ಇಳಿಸಿತು. ಆ ದರದಲ್ಲಿ 5 ಕೆ.ಜಿ.ಗೆ 112 ರೂಪಾಯಿ 50 ಪೈಸೆ, ಸಾಗಣೆ ಬೇರೆ. 170ರ ಮುಂದೆ ಅದು ಕಡಿಮೆಯೇ.

ಹಾಗಾಗಿ ಮೊದಲ ಪ್ಯಾರಾದಲ್ಲೇ ಅಳತೆಗೋಲನ್ನೂ ತೀರ್ಪನ್ನೂ ಹೇಳಿಬಿಡಿ: "ಆಹಾರ ಭದ್ರತೆಯ ದೃಷ್ಟಿಯಿಂದ ಹಣ ಕೊಟ್ಟದ್ದು ತಾತ್ಕಾಲಿಕ ಏರ್ಪಾಡಾಗಿ ಒಪ್ಪತಕ್ಕದ್ದು, ಅಕ್ಕಿ ಸಿಗುವಾಗಲೂ ಮುಂದುವರಿಸಲು ತಕ್ಕದ್ದಲ್ಲ." ಉಳಿದ ಪ್ಯಾರಾಗಳು ಇದಕ್ಕೆ ಸಾಕ್ಷಿ ಹೇಳಬೇಕು. ವಿರುದ್ಧವಾದ ಸಾಕ್ಷಿಯೂ ಬರಬೇಕು, ಆದರೆ ಅದು ತೀರ್ಪನ್ನು ಯಾಕೆ ಬದಲಿಸುವುದಿಲ್ಲ ಎಂಬ ಮಾತೂ ಜೊತೆಗೇ ಬರಬೇಕು. ರಾಗಿ, ಜೋಳ ತಿನ್ನುವ ಮನೆಗೆ ಹಣವೇ ಹೆಚ್ಚು ಉಪಯೋಗಕ್ಕೆ ಬಂದಿರಬಹುದು. ಅದನ್ನು ಒಪ್ಪಿಕೊಂಡು, ಅದು ಎಷ್ಟು ತೂಗುತ್ತದೆ ಎಂದು ಹೇಳಿ. ತೀರ್ಪು ನನ್ನದಕ್ಕಿಂತ ಬೇರೆ ಬಂದರೂ ಅಡ್ಡಿಯಿಲ್ಲ. ಅಂಕ ಇರುವುದು ತೂಗಿದ ರೀತಿಗೆ.

ಡಿಸ್ಕಸ್ ಸುಲಭ ಎಂದುಕೊಂಡಿರುವವರೇ ಹೆಚ್ಚು. ಗೊತ್ತಿರುವುದನ್ನೆಲ್ಲ ಸುರಿಯಲು ಸಿಕ್ಕ ಅನುಮತಿ ಎಂದು ಓದಿಕೊಳ್ಳುತ್ತಾರೆ. ಯೋಜನೆ ಯಾವಾಗ ಶುರುವಾಯಿತು, ಉದ್ದೇಶಗಳೇನು, ಫಲಾನುಭವಿಗಳು ಯಾರು, ಮುಗಿಯಿತು ಪದಮಿತಿ. ಡಿಸ್ಕಸ್ ಎಂದರೆ ಅಲ್ಲೊಂದು ಜಗಳ ಇದೆ ಎಂದರ್ಥ, ಅದನ್ನು ಹುಡುಕುವುದು ನಿಮ್ಮ ಮೊದಲ ಕೆಲಸ. "ಅನ್ನಭಾಗ್ಯದಲ್ಲಿ ನಗದು ವರ್ಗಾವಣೆಯನ್ನು ಚರ್ಚಿಸಿ" ಎಂದರೆ ಜಗಳ ಇರುವುದು ಇಲ್ಲಿ: ಏನು ಕೊಳ್ಳಬೇಕೆಂದು ಮನೆಯವರು ತೀರ್ಮಾನಿಸಲಿ ಎನ್ನುವವರು ಒಂದು ಕಡೆ, ಊಟಕ್ಕೆಂದು ಕೊಟ್ಟದ್ದು ಊಟಕ್ಕೇ ಹೋಗಲಿ ಎನ್ನುವವರು ಇನ್ನೊಂದು ಕಡೆ. ಇವರ ನಡುವೆ, ಆಧಾರ್ ಜೋಡಣೆಯಾಗದೆ ಖಾತೆಗೆ ಹಣವೇ ಬಾರದವರು. ಅವರ ಮಟ್ಟಿಗೆ ಈ ವಾದ ಶುರುವೇ ಆಗಿಲ್ಲ. ಪ್ರತಿ ಪಕ್ಷದ ವಾದಕ್ಕೂ ಅದರ ಕಾರಣ ಕೊಟ್ಟು, ಒಂದು ಇನ್ನೊಂದಕ್ಕೆ ಎಲ್ಲಿ ಉತ್ತರ ಕೊಡುತ್ತದೆ, ಎಲ್ಲಿ ಕೊಡಲಾರದು ಎಂದು ತೋರಿಸಬೇಕು. ಕೊನೆಗೆ ನಿಮ್ಮ ನಿಲುವು ಬರಲಿ, ಆದರೆ ಇವ್ಯಾಲ್ಯುಯೇಟ್‌ನ ಹಾಗೆ ಮೊದಲಿನಿಂದಲೂ ಅದೇ ಮುಂದೆ ನಿಂತಿರಬೇಕಾಗಿಲ್ಲ.

ತಪ್ಪಿದ್ದೀರೋ ಇಲ್ಲವೋ ತಿಳಿಯಲು ಒಂದು ದಾರಿ: ನಿಮ್ಮ ಪ್ರತಿ ಪ್ಯಾರಾದ ಮೊದಲ ವಾಕ್ಯಗಳನ್ನಷ್ಟೇ ಎತ್ತಿ ಸಾಲಾಗಿ ಓದಿ. ಅವು "1. ಆರಂಭ, 2. ಉದ್ದೇಶ, 3. ಲಾಭ" ಎಂಬಂತೆ ಕೇಳಿಸಿದರೆ ನೀವು ಬರೆದಿರುವುದು ಡಿಸ್ಕ್ರೈಬ್, ಅಸೈನ್‌ಮೆಂಟ್ ಪ್ರಶ್ನೆಯಲ್ಲಿ ಯಾವ ಪದವೇ ಇರಲಿ.

ಎರಡು ಪದ ಸೇರಿಸಿ ಕೇಳಿದಾಗ, ಉದಾಹರಣೆಗೆ "ಎರಡೂ ಪದ್ಧತಿಗಳನ್ನು ಹೋಲಿಸಿ, ಯಾವುದು ಹೆಚ್ಚು ಪರಿಣಾಮಕಾರಿ ಎಂದು ಮೌಲ್ಯಮಾಪನ ಮಾಡಿ" ಎಂದಾಗ, ಹೋಲಿಕೆಯಲ್ಲೇ ಪದಮಿತಿ ಮುಗಿಸಿ ತೀರ್ಪಿಗೆ ಎರಡು ಸಾಲು ಉಳಿಸಿಕೊಳ್ಳುತ್ತಾರೆ. ಅಂಕಗಳ ಹಂಚಿಕೆ ಕೊಟ್ಟಿದ್ದರೆ ಪದಗಳನ್ನೂ ಅದೇ ಪ್ರಮಾಣದಲ್ಲಿ ಹಂಚಿ. ಕೊಟ್ಟಿಲ್ಲದಿದ್ದರೆ, 1,500 ಪದಗಳಲ್ಲಿ ಕನಿಷ್ಠ 600 ಆದರೂ ತೀರ್ಪಿನ ಕಡೆಗೆ ಇಡಿ. "ಟು ವಾಟ್ ಎಕ್ಸ್‌ಟೆಂಟ್" ಎಂದು ಶುರುವಾಗುವ ಪ್ರಶ್ನೆಯಲ್ಲಿ ಆದೇಶದ ಪದವೇ ಕಾಣುವುದಿಲ್ಲ, ಆದರೆ ಅದೂ ಇವ್ಯಾಲ್ಯುಯೇಟೇ. ಅಲ್ಲಿ "ಹೌದು" ಅಥವಾ "ಇಲ್ಲ" ಎಂದು ಉತ್ತರಿಸಿದರೆ ಸಾಲದು, ಎಷ್ಟರ ಮಟ್ಟಿಗೆ ಎಂದು ಹೇಳಬೇಕು.